ಅಪ್ಪನ ಫೋನ್ ಮಧ್ಯಾಹ್ನ ಮೂರಕ್ಕೇ ಖಾಲಿ: ರಾತ್ರಿವರೆಗೆ ಚಾರ್ಜ್ ನಿಲ್ಲಬೇಕಾದರೆ ಏನು ಮಾಡಬೇಕು?

ಸುಮಾ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 76 ವರ್ಷ, ನಮ್ಮ ಜೊತೆಗೇ ಇದ್ದಾರೆ. ಮನೆ ಹಳೇ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನಲ್ಲಿ. ವಾರಕ್ಕೆ ಎರಡು ಸಲ ಸ್ಲೋ ಲೋಕಲ್ ಹಿಡಿದು ಮಾಟುಂಗಕ್ಕೆ ಹೋಗುತ್ತಾರೆ. ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ ಇದ್ದರೆ ಮನೆ ಸೇರುವಾಗ ರಾತ್ರಿ ಒಂಬತ್ತು ದಾಟುತ್ತದೆ.

ಕಳೆದ ಗುರುವಾರ ಸಂಜೆಯಿಂದ ಫೋನ್ ಸ್ವಿಚ್ಡ್ ಆಫ್. ಟ್ರೇನುಗಳೂ ಲೇಟಾಗಿದ್ದವು. ಒಂದೂವರೆ ಗಂಟೆ ಸ್ಟೇಷನ್ ಬ್ರಿಡ್ಜ್ ಮೇಲೆ ನಿಂತು ಇಳಿಯುವವರ ಮುಖ ನೋಡುತ್ತಿದ್ದೆ. ಅಪ್ಪ ಆರಾಮಾಗಿ ಬಂದರು, ಆದರೆ ಆ ಒಂದೂವರೆ ಗಂಟೆ ನನಗೆ ಇನ್ನು ಬೇಡ.

ಎರಡು ವರ್ಷದ ಆಂಡ್ರಾಯ್ಡ್ ಫೋನ್, 5000 ಎಮ್‌ಎಎಚ್ ಬ್ಯಾಟರಿ. ಬೆಳಿಗ್ಗೆ 7 ಗಂಟೆಗೆ 100 ಇರುತ್ತದೆ, ಮಧ್ಯಾಹ್ನ 3ಕ್ಕೆ 15. ಅವರು ಆಟ ಆಡುವುದಿಲ್ಲ. ಭಜನೆ ಕೇಳುತ್ತಾರೆ, ವಾಟ್ಸಾಪ್ ನೋಡುತ್ತಾರೆ, ಊರಿನವರ ಜೊತೆ ಮಾತಾಡುತ್ತಾರೆ, ಅಷ್ಟೇ. ಹೊಸ ಫೋನ್ ಕೊಡಿಸುತ್ತೇನೆ ಎಂದರೆ ಬೇಡವೇ ಬೇಡ ಎನ್ನುತ್ತಾರೆ. ಅವರಿಗೆ ನೆನಪಿಡಲು ಆಗುವಂಥ ನಾಲ್ಕು ಅಭ್ಯಾಸ ಹೇಳಿಕೊಡಬೇಕು. ಯಾವುದು ನಿಜವಾಗಿ ಉಪಯೋಗಕ್ಕೆ ಬರುತ್ತದೆ?

ಕೊಥ್ರೂಡ್ ಪೇಢಾ

ಸುಮಾ ಅವರ, ಪುಣೆಯಿಂದ ಬರೀತಿದ್ದೀನ್ರಿ. ನಮ್ಮ ಅಪ್ಪಾರಿಗೂ ಇದೇ ಕಥಿ ಇತ್ತು. ಮೊದಲ ಎಲ್ಲಾ ಆ್ಯಪ್ ಮ್ಯಾಲೆ ಸರಿಸಿ ಬಂದ್ ಮಾಡೂದು ಕಲಸ್ರಿ. ನಾ ದಿನಕ್ಕ ಹತ್ತು ಸಲ ಮಾಡ್ತೀನಿ. ವೈಫೈ, ಬ್ಲೂಟೂತ್, ಲೊಕೇಶನ್ ಮೂರೂ ಬೇಕಾದಾಗಷ್ಟ ಆನ್ ಮಾಡಬೇಕು. ಡಾರ್ಕ್ ಮೋಡ್ ಹಾಕ್ರಿ. ಮತ್ತ ತಿಂಗಳಿಗೊಮ್ಮೆ ಬ್ಯಾಟರಿ ಪೂರ್ತಿ ಸೊನ್ನಿಗೆ ಇಳಿಸಿ ಮತ್ತ ನೂರಕ್ಕ ಏರಿಸಬೇಕು, ಅಂದ್ರ ಬ್ಯಾಟರಿಗೆ ಆಯುಷ್ಯ ಬರ್ತದ.

ಸುಮಾ, ಡೊಂಬಿವಲಿ

ವೈಫೈ ಆಫ್ ಮಾಡುವುದನ್ನು ನನ್ನ ತಮ್ಮ ಅಪ್ಪನಿಗೆ ಆಗಲೇ ಕಲಿಸಿದ್ದಾನೆ. ಮನೆಯಲ್ಲಿ ವೈಫೈ ಇದ್ದರೂ ಅವರು ದಿನವಿಡೀ ಮೊಬೈಲ್ ಡೇಟಾದಲ್ಲೇ ಇರುತ್ತಾರೆ. ಆದರೂ ಚಾರ್ಜ್ ನಿಲ್ಲುತ್ತಿಲ್ಲವಲ್ಲ, ಅದೇ ನನಗೆ ಆಶ್ಚರ್ಯ.

ರೇಣುಕಾ, ವಾಸ್ಕೋ

ಬ್ಯಾಟರಿ ವಿಷಯ ಅಂತ ಕೇಳ್ತೀನ್ರಿ. ನಮ್ಮವ್ವನ ಫೋನ್ ಹಿಂದಿನ ಮುಚ್ಚಳ ಒಂದು ಕಡಿ ಎದ್ದು ನಿಂತದ. ಟೇಬಲ್ ಮ್ಯಾಲೆ ಇಟ್ರ ಬುಗುರಿ ಹಂಗ ತಿರಗ್ತದ. ಅವ್ವ ರಬ್ಬರ್ ಬ್ಯಾಂಡ್ ಹಾಕ್ಕೊಂಡು ನಡಸ್ಯಾಳ. ಚಾರ್ಜ್ ಮಾತ್ರ ದಿನಪೂರ್ತಿ ಬರ್ತದ. ರಿಪೇರಿ ಮಾಡಸ್ಲಿ ಏನು?

ಶೇಖರ, ಥಾಣೆ

ರೇಣುಕಕ್ಕ, ಮೊದಲು ನಿಮ್ಮದು. ಅದು ಬ್ಯಾಟರಿ ಉಬ್ಬಿದ್ದು. ಇವತ್ತಿನಿಂದ ಆ ಫೋನನ್ನು ಚಾರ್ಜಿಗೆ ಹಾಕಲೇಬೇಡಿ. ರಬ್ಬರ್ ಬ್ಯಾಂಡ್ ತೆಗೆಯಿರಿ, ಮುಚ್ಚಳವನ್ನು ಒತ್ತಿ ಕೂರಿಸಲು ಹೋಗಬೇಡಿ. ಒಳಗೆ ಗ್ಯಾಸ್ ತುಂಬಿರುತ್ತದೆ. ಒತ್ತಡಕ್ಕೋ ಚುಚ್ಚಿದ್ದಕ್ಕೋ ಒಳಗಿನ ಪದರ ಹರಿದರೆ ಬೆಂಕಿ ಹತ್ತಬಹುದು. ಸ್ವಿಚ್ ಆಫ್ ಮಾಡಿ, ಹಾಸಿಗೆ ಬಟ್ಟೆಯಿಂದ ದೂರ ಕಲ್ಲಿನ ಕಟ್ಟೆ ಮೇಲೆ ಇಟ್ಟು, ಸರ್ವಿಸ್ ಸೆಂಟರಿಗೆ ಕೊಂಡುಹೋಗಿ ಬ್ಯಾಟರಿ ಬದಲಿಸಿ. ಚಾರ್ಜ್ ದಿನಪೂರ್ತಿ ಬರುತ್ತದೆ ಎಂದು ಬಿಡಬೇಡಿ.

ಸುಮಕ್ಕ, ಈಗ ನಿಮ್ಮ ತಂದೆಯವರ ವಿಷಯ. ನಾನು ತುಂಬ ವರ್ಷ ಮೊಬೈಲ್ ಟವರಿನ ಸಿಗ್ನಲ್ ಅಳೆಯುವ ಕೆಲಸ ಮಾಡಿದವ. ನೀವು ಹೇಳಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎರಡು: ಗ್ರೌಂಡ್ ಫ್ಲೋರ್ ಮನೆ, ವೈಫೈ ಆಫ್.

ಟವರು ದೂರ ಇದ್ದರೆ, ಇಲ್ಲವೇ ನಡುವೆ ದಪ್ಪ ಗೋಡೆಗಳಿದ್ದರೆ ಫೋನು ಗಟ್ಟಿಯಾಗಿ ಕೂಗಬೇಕಾಗುತ್ತದೆ. ಹೊಳೆಯ ಆಚೆ ದಡದಲ್ಲಿ ಇದ್ದವರನ್ನು ಕರೆದ ಹಾಗೆ. ಆ ಕೂಗಿಗೆ ಬ್ಯಾಟರಿ ಬೇಕು. ವಾಟ್ಸಾಪಿಗೆ ಒಂದು ಗುಡ್ ಮಾರ್ನಿಂಗ್ ಫೋಟೋ ಬಂದರೂ ಕೂಗು, ಮೇಲ್ ಬಂದರೂ ಕೂಗು. ವೈಫೈ ರೂಟರ್ ಹತ್ತು ಹೆಜ್ಜೆಯಲ್ಲಿ ಇದ್ದರೆ ಅದೇ ಕೆಲಸ ಮೆಲ್ಲನೆ ಮಾತಾಡಿ ಮುಗಿಯುತ್ತದೆ. ಹಾಗಾಗಿ ಮನೆಯೊಳಗೆ ವೈಫೈ ಆಫ್ ಇಟ್ಟರೆ ಉಳಿತಾಯವಲ್ಲ, ನಷ್ಟ. ನಿಮ್ಮ ತಮ್ಮ ಹೇಳಿದ್ದು ವೈಫೈ ಇಲ್ಲದ ಜಾಗಕ್ಕೆ ಸ್ವಲ್ಪ ಮಟ್ಟಿಗೆ ಸರಿ, ಮನೆಗಲ್ಲ.

ಆದರೆ ನನ್ನ ಮಾತು ನಂಬಿ ಅಭ್ಯಾಸ ಬದಲಿಸಬೇಡಿ, ಅಳೆಯಿರಿ. ರಾತ್ರಿ ಮಲಗುವಾಗ ಫೋನ್ ಚಾರ್ಜಿಗೆ ಹಾಕದೆ ಎಷ್ಟು ಪರ್ಸೆಂಟ್ ಉಂಟು ಎಂದು ಕ್ಯಾಲೆಂಡರಿನಲ್ಲಿ ಬರೆಯಿರಿ. ಬೆಳಿಗ್ಗೆ ಎದ್ದು ಮುಟ್ಟುವ ಮೊದಲು ಮತ್ತೆ ಬರೆಯಿರಿ. ಏಳು ಗಂಟೆಯಲ್ಲಿ 3ರಿಂದ 5 ಹೋಗಿದ್ದರೆ ಫೋನ್ ಆರೋಗ್ಯವಾಗಿದೆ, ಖರ್ಚೆಲ್ಲ ಹಗಲು ಬಳಸುವಾಗ ಆಗುತ್ತಿದೆ. 15, 20 ಹೋಗಿದ್ದರೆ ಯಾರೂ ಮುಟ್ಟದೇ ಇದ್ದಾಗಲೂ ಸೋರುತ್ತಿದೆ. ಆಗ ಅಪ್ಪನಿಗೆ ಸ್ಕ್ರೀನ್ ಕಡಿಮೆ ನೋಡಿ ಎಂದು ಹೇಳಿ ಪ್ರಯೋಜನವಿಲ್ಲ.

ಇನ್ನೊಂದು: `Settings` ಒಳಗೆ `About phone`, ಅದರಲ್ಲಿ `SIM status`, ಅಲ್ಲಿ `Signal strength` ಎಂದು ಇರುತ್ತದೆ. ಮೈನಸ್ ಹಾಕಿದ ಒಂದು ಅಂಕಿ, ಪಕ್ಕದಲ್ಲಿ `dBm`. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. 110 ದಾಟಿದರೆ ಫೋನು ಒದ್ದಾಡುತ್ತಿದೆ. ಅಪ್ಪ ಕೂರುವ ಜಾಗದಲ್ಲೂ ಕಿಟಕಿ ಹತ್ತಿರವೂ ನೋಡಿ ಬರೆಯಿರಿ. ಎರಡು ಸಿಮ್ ಇದ್ದರೆ ಎರಡರದ್ದೂ.

ಸುಮಾ, ಡೊಂಬಿವಲಿ

ಶೇಖರಣ್ಣ, ಇವತ್ತು ಬೆಳಿಗ್ಗೆ ನೋಡಿದೆ. ರಾತ್ರಿ 11ಕ್ಕೆ 78 ಇತ್ತು, ಬೆಳಿಗ್ಗೆ 6ಕ್ಕೆ 59. ಯಾರೂ ಮುಟ್ಟದೆ 19 ಹೋಗಿದೆ!

ಸಿಗ್ನಲ್: ಅಪ್ಪನ ಮಂಚದ ಹತ್ತಿರ ಮೈನಸ್ 113, ಬಾಲ್ಕನಿ ಕಿಟಕಿಯಲ್ಲಿ ಮೈನಸ್ 96. ಇದು ಮುಂಬೈ ಸಿಮ್ಮಿನದು. ಎರಡನೆಯದು ಉಡುಪಿಯಲ್ಲಿದ್ದಾಗಿನ ಹಳೇ ಸಿಮ್, ಬೇರೆ ಕಂಪನಿಯದು. ಅದಕ್ಕೆ ಮನೆಯೊಳಗೆ ಒಮ್ಮೆ ಒಂದು ಕಡ್ಡಿ ಬರುತ್ತದೆ, ಒಮ್ಮೆ ನೆಟ್‌ವರ್ಕೇ ಇರುವುದಿಲ್ಲ. ಪೆನ್ಶನ್ ಬ್ಯಾಂಕಿಗೆ ಆ ನಂಬರ್ ಕೊಟ್ಟಿದ್ದರಿಂದ ಇಟ್ಟುಕೊಂಡಿದ್ದಾರೆ.

ಶೇಖರ, ಥಾಣೆ

ಅಲ್ಲಿಗೆ ಸಿಕ್ಕಿತು ಎಂದು ಕಾಣುತ್ತದೆ. ನೆಟ್‌ವರ್ಕ್ ಸಿಗದ ಸಿಮ್ ಸುಮ್ಮನೆ ಕೂರುವುದಿಲ್ಲ, ಮತ್ತೆ ಮತ್ತೆ ಟವರ್ ಹುಡುಕುತ್ತಲೇ ಇರುತ್ತದೆ. ಇವತ್ತು ರಾತ್ರಿ ವೈಫೈ ಮಾತ್ರ ಆನ್ ಮಾಡಿ ಅಳೆಯಿರಿ. ನಾಳೆ ರಾತ್ರಿ ವೈಫೈ ಆನ್ ಇಟ್ಟು, `Settings` ಒಳಗಿನ ಸಿಮ್ ಪಟ್ಟಿಯಲ್ಲಿ ಉಡುಪಿ ಸಿಮ್ಮನ್ನು ಆಫ್ ಮಾಡಿ ಅಳೆಯಿರಿ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಎಷ್ಟು ಎಂದು ತಿಳಿಯುವುದಿಲ್ಲ.

ಕೊಥ್ರೂಡಿನವರೇ, ನೀವು ಹೇಳಿದ್ದರಲ್ಲಿ ಬ್ಲೂಟೂತ್ ಆಫ್ ಮಾಡಿದರೆ ತೊಂದರೆಯಿಲ್ಲ, ಉಳಿಯುವುದೂ ಅಷ್ಟಕ್ಕಷ್ಟೆ. ವಾಟ್ಸಾಪನ್ನು ಹತ್ತು ಸಲ ಸರಿಸಿ ಮುಚ್ಚಿದರೆ ಹತ್ತು ಸಲ ಮೊದಲಿನಿಂದ ತೆರೆಯಬೇಕು, ಅದಕ್ಕೇ ಹೆಚ್ಚು ಬ್ಯಾಟರಿ. ತಿರುಗಿ ನೋಡದ ಆ್ಯಪನ್ನು ಆಂಡ್ರಾಯ್ಡ್ ತಾನೇ ಮಲಗಿಸುತ್ತದೆ. ಸೊನ್ನೆಗೆ ಇಳಿಸುವ ಪದ್ಧತಿ ಹಳೇ ನಿಕೆಲ್ ಬ್ಯಾಟರಿಗಳ ಕಾಲದ್ದು. ಈಗಿನ ಲಿಥಿಯಂ ಬ್ಯಾಟರಿಗೆ ಅದರಿಂದ ಸವೆತವೇ ಜಾಸ್ತಿ. ಲೊಕೇಶನ್ ಅಂತೂ ಸುಮಕ್ಕ ಆಫ್ ಮಾಡಿಸುವುದು ಬೇಡ. ಅಪ್ಪ ಎಲ್ಲಿದ್ದಾರೆ ಎಂದು ನೋಡಲು ಅದೇ ಬೇಕಲ್ಲ.

ಕೊಥ್ರೂಡ್ ಪೇಢಾ

ಸೊನ್ನಿ ವಿಷಯ ಒಪ್ಪಿದೆ ಶೇಖರಣ್ಣ. ಆದ್ರ ಆ್ಯಪ್ ಬಂದ್ ಮಾಡೂದರಿಂದ ನಮ್ಮ ಅಪ್ಪಾರ ಫೋನಿನ್ಯಾಗ ಖರೇನ ಫರಕ್ ಬಿತ್ತು. ಅದನ್ನ ನಾ ಕಣ್ಣಾರೆ ನೋಡೀನಿ.

ಶೇಖರ, ಥಾಣೆ

ನೀವು ನೋಡಿದ್ದು ಸುಳ್ಳಿರಲಾರದು. ಯಾವುದೋ ಒಂದು ಆ್ಯಪ್ ಒಳಗೊಳಗೇ ಓಡುತ್ತಿತ್ತು, ಎಲ್ಲವನ್ನೂ ಮುಚ್ಚುವಾಗ ಅದೂ ನಿಂತಿತು. `Settings`, `Battery`, `Battery usage` ತೆರೆದು ನೋಡಿ. ಅಪ್ಪ ಬಳಸದೇ ಇರುವ ಆ್ಯಪ್ ಪಟ್ಟಿಯ ಮೇಲಿದ್ದರೆ ಅದೇ ಕಳ್ಳ. ಅದೊಂದನ್ನು ತೆಗೆದುಹಾಕಿ, ಇಲ್ಲವೇ ಅದನ್ನು ಒತ್ತಿ `Restricted` ಮಾಡಿ. ಉಳಿದವುಗಳನ್ನು ದಿನಾ ಹೊಡೆದೋಡಿಸುವುದು ಬೇಡ.

ನಂದಿನಿ, ಮುಲುಂಡ್

ಡಾರ್ಕ್ ಮೋಡ್ ಬಗ್ಗೆ ಒಂದು ಮಾತು. ಅಮ್ಮನಿಗೆ ಕಣ್ಣಿನ ಪೊರೆ ಇದ್ದಾಗ ನಾನು ಹಾಕಿಕೊಟ್ಟಿದ್ದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಹಬ್ಬಿದ ಹಾಗೆ ಕಾಣುತ್ತದೆ ಎಂದು ಬ್ರೈಟ್‌ನೆಸ್ಸನ್ನು ಪೂರ್ತಿ ಏರಿಸಿಕೊಂಡರು. ಮೇಲಾಗಿ ಅವರದು ಎಲ್‌ಸಿಡಿ ಸ್ಕ್ರೀನ್. ಅದರ ಹಿಂದಿನ ದೀಪ ಕಪ್ಪು ತೋರಿಸುವಾಗಲೂ ಉರಿಯುತ್ತದೆ, ಹಾಗಾಗಿ ಡಾರ್ಕ್ ಮೋಡಿನಿಂದ ಏನೂ ಉಳಿಯಲಿಲ್ಲ. ಅಮೊಲೆಡ್ ಸ್ಕ್ರೀನ್ ಆದರೆ ಉಳಿಯುತ್ತದೆ.

ನಮಗೆ ಕೆಲಸಕ್ಕೆ ಬಂದದ್ದು ಬೇರೆ. ವಯಸ್ಸಾದವರು ಬ್ರೈಟ್‌ನೆಸ್ ಏರಿಸುವುದು ಅಕ್ಷರ ಸಣ್ಣದು ಎಂಬ ಕಾರಣಕ್ಕೆ. ಅಕ್ಷರದ ಗಾತ್ರವನ್ನು ಎರಡು ಹಂತ ದೊಡ್ಡದು ಮಾಡಿಕೊಟ್ಟೆ. ಆಮೇಲೆ ಅಡಾಪ್ಟಿವ್ ಬ್ರೈಟ್‌ನೆಸ್ ಆನ್ ಮಾಡಿದರೂ ಅಮ್ಮ ತಕರಾರು ಮಾಡಲಿಲ್ಲ. ಈಗ ಮನೆಯೊಳಗೆ ಸ್ಕ್ರೀನ್ ಅರ್ಧಕ್ಕಿಂತ ಕಡಿಮೆ ಬೆಳಕಿನಲ್ಲಿರುತ್ತದೆ. ಸುಮಾ, ಅಪ್ಪನ ಸ್ಕ್ರೀನ್ ಎಷ್ಟು ಹೊತ್ತಿಗೆ ತಾನೇ ಆರುತ್ತದೆ ಎಂದೂ ನೋಡಿ.

ಸುಮಾ, ಡೊಂಬಿವಲಿ

ಮೂರು ರಾತ್ರಿಯ ಲೆಕ್ಕ ಬಂತು.

ಮೊದಲ ರಾತ್ರಿ, ಇದ್ದ ಹಾಗೆಯೇ: 78ರಿಂದ 59, ಹೋದದ್ದು 19.
ಎರಡನೇ ರಾತ್ರಿ, ವೈಫೈ ಆನ್: 80ರಿಂದ 70, ಹೋದದ್ದು 10.
ಮೂರನೇ ರಾತ್ರಿ, ವೈಫೈ ಆನ್, ಉಡುಪಿ ಸಿಮ್ ಆಫ್: 76ರಿಂದ 72, ಹೋದದ್ದು 4.

ಅಪ್ಪ ಮೂರೂ ದಿನ ನನಗಿಂತ ಮೊದಲು ಎದ್ದು ಕ್ಯಾಲೆಂಡರಿನಲ್ಲಿ ಪರ್ಸೆಂಟ್ ಬರೆದು, ಕೆಳಗೆ ಗೆರೆ ಎಳೆದು ಕಳೆದಿಟ್ಟಿದ್ದರು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ಅದು. ಈಗ ವೈಫೈ ಆಫ್ ಮಾಡಬೇಡಿ ಎಂದು ನಾನು ಹೇಳಬೇಕಾಗಿಲ್ಲ, ಅವರೇ ತಮ್ಮನಿಗೆ ಫೋನ್ ಮಾಡಿ ಹೇಳಿದ್ದಾರೆ.

ಹಗಲಿನ ವಿಷಯವೂ ಗೊತ್ತಾಯಿತು. `Battery usage` ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಯೂಟ್ಯೂಬ್. ಬೆಳಿಗ್ಗೆ ಎರಡು ಗಂಟೆ ಹೊತ್ತು ಭಜನೆ ಹಚ್ಚಿ, ಫೋನನ್ನು ದೇವರ ಕೋಣೆಯ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಮಗುಚಿ ಇಡುತ್ತಾರೆ. ಮಗುಚಿದರೆ ಸ್ಕ್ರೀನ್ ಆರುತ್ತದೆ ಎಂದುಕೊಂಡಿದ್ದರು. ನಾನು ಎತ್ತಿ ನೋಡಿದರೆ ಪೂರ್ತಿ ಬ್ರೈಟ್‌ನೆಸ್ಸಿನಲ್ಲಿ ವಿಡಿಯೋ ಓಡುತ್ತಿತ್ತು, ಫೋನಿನ ಬೆನ್ನು ಬಿಸಿ. ಸ್ಕ್ರೀನ್ ಆರುವ ಸಮಯ 10 ನಿಮಿಷಕ್ಕೆ ಇತ್ತು, 1 ನಿಮಿಷ ಮಾಡಿದೆ. ಆದರೆ ಯೂಟ್ಯೂಬಿನಲ್ಲಿ ಸ್ಕ್ರೀನ್ ಆರಿಸಿದರೆ ಭಜನೆಯೂ ನಿಲ್ಲುತ್ತದಲ್ಲ?

ಶೇಖರ, ಥಾಣೆ

ದುಡ್ಡು ಕಟ್ಟದ ಯೂಟ್ಯೂಬಿನಲ್ಲಿ ನಿಲ್ಲುತ್ತದೆ, ಹೌದು. ಅಪ್ಪನಿಗೆ ಚಿತ್ರ ಬೇಡ, ಸ್ವರ ಸಾಕು ಎಂದಾದರೆ ಭಜನೆಗಳ ಎಮ್‌ಪಿ3 ಫೋನಿಗೆ ಹಾಕಿಕೊಡಿ. ಮ್ಯೂಸಿಕ್ ಪ್ಲೇಯರಿನಲ್ಲಿ ಹಚ್ಚಿ ಬದಿಯ ಬಟನ್ ಒತ್ತಿದರೆ ಸ್ಕ್ರೀನ್ ಆರುತ್ತದೆ, ಹಾಡು ನಡೆಯುತ್ತದೆ. ಸ್ಕ್ರೀನು, ಇಂಟರ್ನೆಟ್ಟು ಎರಡರ ಖರ್ಚೂ ಹೋಗಿ ಸ್ಪೀಕರಿನದ್ದು ಮಾತ್ರ ಉಳಿಯುತ್ತದೆ.

ಲೋಕಲ್‌ನಲ್ಲಿ ಹೋಗುವಾಗ ವಿಡಿಯೋ ನೋಡುವುದು ಬೇಡ ಎಂದು ಹೇಳಿ. ಗಾಡಿ ಓಡುವಾಗ ಫೋನು ಒಂದು ಟವರಿನಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ, ಅದರ ಮೇಲೆ ವಿಡಿಯೋ ಎಂದರೆ ಡಬಲ್ ಖರ್ಚು. ಓದುವುದಿದ್ದರೆ ಓದಲಿ, ಮಾತಾಡುವುದಿದ್ದರೆ ಮಾತಾಡಲಿ.

ಮತ್ತೆ ವೈಫೈ ಕಾಲಿಂಗ್ ಎಂಬುದು ಸಿಮ್ ಸೆಟ್ಟಿಂಗಿನಲ್ಲಿ ಇದ್ದರೆ ಆನ್ ಮಾಡಿ. ಮನೆಯೊಳಗೆ ಕರೆಗಳೂ ವೈಫೈ ಮೇಲೆ ಬರುತ್ತವೆ, ಮಂಚದ ಹತ್ತಿರ ಮಾತು ಕಡಿಯುವುದೂ ನಿಲ್ಲುತ್ತದೆ.

ಕೊಥ್ರೂಡ್ ಪೇಢಾ

ಒಂದು ಕೇಳ್ಬೇಕಿತ್ರಿ. ಉಡುಪಿ ಸಿಮ್ ಬಂದ್ ಮಾಡಿದ್ರ ಬ್ಯಾಂಕಿನ ಓಟಿಪಿ ಹೋಗ್ಲಿ, ಖಾತೆದಾಗಿಂದ ಯಾರರ ರೊಕ್ಕ ತಗದ್ರ ಅದರ ಎಸ್ಸೆಮ್ಮೆಸ್ಸೂ ಬರಂಗಿಲ್ಲಲ್ಲ? ವಯಸ್ಸಾದವ್ರಿಗೆ ಈಗ ಮೋಸದ ಫೋನು ಭಾಳ ಬರ್ತಾವ. ಆರು ಪರ್ಸೆಂಟ್ ಉಳಸ್ಲಿಕ್ಕೆ ಹೋಗಿ ಅದನ್ನ ಕಳಕೊಳ್ಳೂದು ಸರಿ ಅಲ್ಲ ಅನಸ್ತದ.

ಶೇಖರ, ಥಾಣೆ

ಇದು ನನಗೆ ಹೊಳೆದಿರಲಿಲ್ಲ. ನೀವು ಹೇಳಿದ್ದು ಸರಿ. ರಾತ್ರಿ ಪರೀಕ್ಷೆಗೆ ಆಫ್ ಮಾಡಿದ್ದು ಬೇರೆ, ಶಾಶ್ವತವಾಗಿ ಆಫ್ ಇಡುವುದು ಬೇರೆ. ಮನೆಯಲ್ಲಿ ಹಳೇ ಬಟನ್ ಫೋನ್ ಇದ್ದರೆ ಆ ಸಿಮ್ಮನ್ನು ಅದಕ್ಕೆ ಹಾಕಿ ಬಾಲ್ಕನಿ ಕಿಟಕಿಯಲ್ಲಿ ಇಡಬಹುದು. ಸಿಗ್ನಲ್ ಇರುವ ಜಾಗದಲ್ಲಿ ಅದರ ಬ್ಯಾಟರಿ ದಿನಗಟ್ಟಲೆ ಬರುತ್ತದೆ. ಬ್ಯಾಂಕಿನಲ್ಲಿ ಮುಂಬೈ ನಂಬರನ್ನೇ ಸೇರಿಸಿದರೆ ಇನ್ನೂ ಒಳ್ಳೆಯದು.

ಸುಮಾ, ಡೊಂಬಿವಲಿ

ನಂಬರ್ ಬದಲಿಸಲು ಅಪ್ಪ ಒಪ್ಪುತ್ತಿಲ್ಲ. ಊರಿನ ಎಲ್ಲರ ಹತ್ತಿರ ಇರುವುದು ಅದೇ ನಂಬರ್. ಬಟನ್ ಫೋನ್ ಹುಡುಕುತ್ತೇನೆ, ಸಿಗುವವರೆಗೆ ಎರಡೂ ಸಿಮ್ ಆನ್ ಇರಲಿ.

ನಂದಿನಿ, ಮುಲುಂಡ್

ಚಾರ್ಜ್ ಮಾಡುವ ಅಭ್ಯಾಸದ ಬಗ್ಗೆಯೂ ಹೇಳಿ. 80ಕ್ಕೆ ನಿಲ್ಲಿಸಿದರೆ ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ, ನಾನು ಅಮ್ಮನಿಗೆ ಹಾಗೇ ಸೆಟ್ ಮಾಡಿದ್ದೇನೆ.

ಶೇಖರ, ಥಾಣೆ

ಬಾಳುತ್ತದೆ, ಸುಳ್ಳಲ್ಲ. ನಿಮ್ಮ ಅಮ್ಮ ಮನೆಯಲ್ಲೇ ಇರುವವರು, 80 ಸಾಕು. ಸುಮಕ್ಕನ ತಂದೆ ರಾತ್ರಿ ಒಂಬತ್ತರವರೆಗೆ ಹೊರಗೆ. ಅವರಿಗೆ ಇವತ್ತಿನ ದಿನ ಮುಗಿಯುವುದು ಮುಖ್ಯ, ಹಾಗಾಗಿ ಹೊರಡುವ ದಿನ 100 ಮಾಡಿಯೇ ಹೋಗಲಿ. ಬ್ಯಾಟರಿಯನ್ನು ನಿಜವಾಗಿ ಕೊಲ್ಲುವುದು ಬಿಸಿ. ಅಲಾರಂ ಕೇಳಲಿ ಎಂದು ದಿಂಬಿನ ಕೆಳಗೆ ಚಾರ್ಜಿಗೆ ಹಾಕುವ ಹಿರಿಯರು ಬಹಳ ಮಂದಿ ಇದ್ದಾರೆ. ಅದೊಂದನ್ನು ತಪ್ಪಿಸಿ.

ನಂದಿನಿ, ಮುಲುಂಡ್

ಹೊರಗೆ ಹೋಗುವವರಿಗೂ 80 ತುಂಬಿಸಿ, ಜೊತೆಗೆ ಚಿಕ್ಕ ಪವರ್ ಬ್ಯಾಂಕ್ ಕೊಡಬಹುದು ಎಂದು ನನ್ನ ಅಭಿಪ್ರಾಯ. ಎರಡು ವರ್ಷದ ಬ್ಯಾಟರಿ ಆಗಲೇ ಸವೆದಿರುತ್ತದೆ.

ಶೇಖರ, ಥಾಣೆ

ಗುಂಪಿನ ಟ್ರೇನಿನಲ್ಲಿ 76ರ ಹಿರಿಯರು ಕೇಬಲ್ ಚುಚ್ಚಿಕೊಂಡು ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ಇದರಲ್ಲಿ ನಮ್ಮಿಬ್ಬರದ್ದೂ ಬೇರೆ ಬೇರೆ ಮತ ಇರಲಿ.

ಸವೆದಿದೆಯೋ ಇಲ್ಲವೋ ಎಂದು ಗೊತ್ತಾಗುವುದು ಹೀಗೆ: 35, 40 ತೋರಿಸುತ್ತಿದ್ದ ಫೋನ್ ಒಂದು ವಿಡಿಯೋ ಕಾಲ್ ಬಂದ ಕೂಡಲೇ ಆಫ್ ಆಗುವುದು, ಅಥವಾ ನಿಮಿಷದಲ್ಲಿ 40ರಿಂದ 20ಕ್ಕೆ ಬೀಳುವುದು. ಹಾಗಾಗುತ್ತಿದ್ದರೆ ಅಭ್ಯಾಸ ತಿದ್ದಿ ಫಲವಿಲ್ಲ, ಬ್ಯಾಟರಿಯನ್ನೇ ಬದಲಿಸಬೇಕು.

ಸುಮಾ, ಡೊಂಬಿವಲಿ

ಹಾಗೆ ಆಗುತ್ತಿಲ್ಲ, ನಿಧಾನವಾಗಿಯೇ ಇಳಿಯುತ್ತದೆ. ನಿನ್ನೆ ಮಾಟುಂಗ ಹೋಗಿ ಬಂದರು. ಎರಡೂ ಸಿಮ್ ಆನ್ ಇತ್ತು. ಬೆಳಿಗ್ಗೆ 7ಕ್ಕೆ 100, ಮಧ್ಯಾಹ್ನ 3ಕ್ಕೆ 64, ರಾತ್ರಿ 9.20ಕ್ಕೆ ಮನೆಗೆ ಬಂದಾಗ 37. ಬ್ಯಾಟರಿ ಸೇವರ್ ತಾನೇ 30ಕ್ಕೆ ಆನ್ ಆಗುವ ಹಾಗೆ ಇಟ್ಟಿದ್ದೆ, ಅದರ ಅಗತ್ಯವೇ ಬೀಳಲಿಲ್ಲ. ಸೇವರಿನಲ್ಲಿ ಕರೆ ಬರುತ್ತದೆ, ವಾಟ್ಸಾಪ್ ಮಾತ್ರ ತಡವಾಗಬಹುದು ಎಂದು ಅವರಿಗೆ ಹೇಳಿದ್ದೇನೆ.

ಕ್ಯಾಲೆಂಡರಿನ ಪಕ್ಕ ದೊಡ್ಡ ಅಕ್ಷರದಲ್ಲಿ ಈ ಚೀಟಿ ಅಂಟಿಸಿದ್ದೇನೆ. ಬೇಕಾದವರು ತಗೊಳ್ಳಿ:

ಅಪ್ಪ,
ವೈಫೈ ಯಾವಾಗಲೂ ಆನ್ ಇರಲಿ, ಮುಟ್ಟಬೇಡಿ.
ಭಜನೆಗೆ ಹಳದಿ ಗುರುತಿನ ಪ್ಲೇಯರ್. ಹಚ್ಚಿದ ಮೇಲೆ ಬದಿಯ ಬಟನ್ ಒಮ್ಮೆ ಒತ್ತಿ.
ಮನೆಯಲ್ಲಿ ಫೋನ್ ಬಾಲ್ಕನಿ ಕಡೆಯ ಮೇಜಿನ ಮೇಲೆ, ಬಿಸಿಲು ಬೀಳದ ಜಾಗದಲ್ಲಿ.
ಟ್ರೇನಿನಲ್ಲಿ ವಿಡಿಯೋ ಬೇಡ.
ಹೊರಡುವ ದಿನ ತಿಂಡಿ ಹೊತ್ತಿಗೆ ಚಾರ್ಜಿಗೆ ಹಾಕಿ, ಶರ್ಟ್ ಹಾಕಿದ ಮೇಲೆ ತೆಗೆಯಿರಿ.

ರೇಣುಕಾ, ವಾಸ್ಕೋ

ಶೇಖರಣ್ಣ, ಅವ್ವನ ಫೋನ್ ಸರ್ವಿಸ್ ಸೆಂಟರಿಗೆ ಒಯ್ದಿದ್ವಿ. ಬ್ಯಾಟರಿ ಹೊರಗ ತಗದು ತೋರಿಸಿದ್ರು, ಮೆತ್ತಗ ದಿಂಬಿನಂಗ ಆಗಿತ್ತು. ಹೊಸಾದು ಹಾಕ್ಯಾರ, ಮುಚ್ಚಳ ಸಪಾಟ ಕೂತದ. ಆ ಹಳೇ ಬ್ಯಾಟರಿ ಮನಿಗೆ ತರಬ್ಯಾಡ್ರಿ ಅಂತ ಅವರ ಇಟ್ಕೊಂಡ್ರು.

ಕೊಥ್ರೂಡ್ ಪೇಢಾ

ನಾನೂ ಅಪ್ಪಾರ ಫೋನ್ ರಾತ್ರಿ ಅಳದ್ಯಾ. ಆ್ಯಪ್ ಒಂದೂ ಮುಚ್ಚದ ಬಿಟ್ರೂ ಹೋದದ್ದು 5. ಸಿಗ್ನಲ್ ಮೈನಸ್ 88. ಅಂದ್ರ ನಮ್ಮಲ್ಲಿ ರಾತ್ರಿ ಸೋರಿಕಿ ಇಲ್ಲ. ಪಟ್ಟ್ಯಾಗ ಮ್ಯಾಲೆ ಇದ್ದದ್ದು ಫೋನ್ ಸ್ವಚ್ಛ ಮಾಡ್ತದ ಅಂತ ನಾನ ಹಾಕಿಕೊಟ್ಟ ಒಂದು ಆ್ಯಪ್. ಇವತ್ತ ತಗದೀನಿ. ನಾಳೆ ಹಗಲಿನ ಲೆಕ್ಕ ಬರೀತೀನ್ರಿ.